ನಿವೃತ್ತರಿಗೆ ಎಸ್‌ಡಬ್ಲ್ಯುಪಿ: ಅದು ಎಸ್‌ಐಪಿಯ ಉಲ್ಟಾ ಅಷ್ಟೇ ಅಲ್ಲ

ಪುಣೆಯ ಕೋಥರೂಡ್‌ನಲ್ಲಿರುವ ನಮ್ಮ ಕಾಕಾ ಕಳೆದ ವರ್ಷ ರಿಟೈರ್ ಆದರು. ಗದಗ ಕಡೆಯವರು, ಮೂವತ್ತೈದು ವರ್ಷ ಪಿಂಪ್ರಿ ಕಡೆಯ ಕಾರ್ಖಾನೆಗಳಲ್ಲಿ ದುಡಿದವರು. ಹತ್ತು-ಹನ್ನೆರಡು ವರ್ಷ ತಪ್ಪದೇ ಎಸ್‌ಐಪಿ ಕಟ್ಟಿದ್ದರು. ನಾನು ಮುಂಬಯಿಯಿಂದ ಶನಿವಾರ ಅವರ ಮನೆಗೆ ಹೋದಾಗ ಚಹಾ ಬರುವ ಮೊದಲೇ ಪ್ರಶ್ನೆ ಬಂತು: "ಈ ಎಸ್‌ಡಬ್ಲ್ಯುಪಿ ಅಂದ್ರ ಎಸ್‌ಐಪಿದ ಉಲ್ಟಾ ಅಷ್ಟ ಅಲ್ಲೇನೋ? ಆಗ ಹಾಕ್ತಿದ್ದೆ, ಈಗ ತಗೋತೀನಿ."

ವ್ಯವಹಾರ ಉಲ್ಟಾ, ನಿಜ. ಎಸ್‌ಐಪಿಯಲ್ಲಿ ಪ್ರತಿ ತಿಂಗಳು ನಿಮ್ಮ ಬ್ಯಾಂಕಿನಿಂದ ಹಣ ಹೋಗಿ ಮ್ಯೂಚುವಲ್ ಫಂಡ್‌ನ ಯುನಿಟ್ ಬರುತ್ತದೆ. ಎಸ್‌ಡಬ್ಲ್ಯುಪಿಯಲ್ಲಿ ಪ್ರತಿ ತಿಂಗಳು ಒಂದಿಷ್ಟು ಯುನಿಟ್ ಮಾರಾಟವಾಗಿ ಹಣ ನಿಮ್ಮ ಬ್ಯಾಂಕಿಗೆ ಬರುತ್ತದೆ. ಆದರೆ ಅಪಾಯವೂ ಉಲ್ಟಾ ಆಗುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಎಸ್‌ಐಪಿ ಕಟ್ಟುವಾಗ ಯಾವುದು ನಿಮ್ಮ ಮಿತ್ರ ಆಗಿತ್ತೋ, ಎಸ್‌ಡಬ್ಲ್ಯುಪಿಯಲ್ಲಿ ಅದೇ ವೈರಿ.

ಮೊದಲು ಆ ವೈರಿಯನ್ನು ನೋಡಿ

2020ರ ಜನವರಿಯಲ್ಲಿ ನಿಫ್ಟಿ 12,300 ದಾಟಿತ್ತು. ಮಾರ್ಚ್ 23ಕ್ಕೆ 7,610ಕ್ಕೆ ಬಿತ್ತು. ಆಗ ಕಾಕಾ ಎಸ್‌ಐಪಿ ನಿಲ್ಲಿಸಲಿಲ್ಲ, ಅಗ್ಗದಲ್ಲಿ ಯುನಿಟ್ ಜಾಸ್ತಿ ಸಿಕ್ಕವು, ಇವತ್ತಿಗೂ ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ಸರಿಯೇ. ಆದರೆ ಅದೇ ಮಾರ್ಚ್‌ನಲ್ಲಿ ಷೇರುಗಳಲ್ಲಿ ಹಣ ಹಾಕುವ ಈಕ್ವಿಟಿ ಫಂಡ್‌ನಿಂದ ಎಸ್‌ಡಬ್ಲ್ಯುಪಿ ತಗೋತಿದ್ದ ನಿವೃತ್ತರು ಅಗ್ಗದಲ್ಲಿ ಜಾಸ್ತಿ ಯುನಿಟ್ ಮಾರುತ್ತಿದ್ದರು.

ಲೆಕ್ಕ ಸುಲಭ. ತಿಂಗಳಿಗೆ 16,000 ಬೇಕು ಅಂದುಕೊಳ್ಳಿ. ಎನ್‌ಎವಿ ಅಂದರೆ ಒಂದು ಯುನಿಟ್‌ನ ಬೆಲೆ 50 ರೂಪಾಯಿ ಇದ್ದಾಗ 320 ಯುನಿಟ್ ಮಾರಿದರೆ ಸಾಕು. ಎನ್‌ಎವಿ 40ಕ್ಕೆ ಬಿದ್ದರೆ 400 ಯುನಿಟ್ ಮಾರಬೇಕು. ಮುಂದೆ ಎನ್‌ಎವಿ ಮತ್ತೆ 50ಕ್ಕೆ ಬಂದರೂ ಆ ಹೆಚ್ಚಿನ 80 ಯುನಿಟ್ ನಿಮ್ಮ ಬಳಿ ಇರುವುದಿಲ್ಲ. ಮಾರುಕಟ್ಟೆ ಚೇತರಿಸಿಕೊಳ್ಳುತ್ತದೆ, ನಿಮ್ಮ ಗಂಟು ಪೂರ್ತಿ ಚೇತರಿಸಿಕೊಳ್ಳುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ, ಕಾಕಾಗೆ ಕಾಗದದ ಮೇಲೆ ಬರೆದು ತೋರಿಸಿದ್ದು ಇದನ್ನೇ. 40 ಲಕ್ಷ ಇದೆ. ಮೂರು ವರ್ಷದ ಫಲ: ಒಂದು ವರ್ಷ ಶೇ. 20 ಏರಿಕೆ, ಒಂದು ವರ್ಷ ಶೇ. 10 ಏರಿಕೆ, ಒಂದು ವರ್ಷ ಶೇ. 20 ಇಳಿಕೆ. ಹಾಕದೆ ತೆಗೆಯದೆ ಸುಮ್ನೆ ಬಿಟ್ಟರೆ ಯಾವ ಕ್ರಮದಲ್ಲಿ ಬಂದರೂ ಕೊನೆಗೆ 42.24 ಲಕ್ಷ. ಈಗ ಪ್ರತಿ ವರ್ಷದ ಕೊನೆಗೆ 3 ಲಕ್ಷ ತೆಗೆಯಿರಿ. ಏರಿಕೆ ಮೊದಲು, ಇಳಿಕೆ ಕೊನೆಗೆ ಬಂದರೆ ಉಳಿಯುವುದು 34.20 ಲಕ್ಷ. ಇಳಿಕೆ ಮೊದಲು ಬಂದು, ಆಮೇಲೆ 10, ಆಮೇಲೆ 20 ಏರಿದರೆ ಉಳಿಯುವುದು 31.68 ಲಕ್ಷ. 2.52 ಲಕ್ಷ ಕಡಿಮೆ.

ಈಗ ತೆಗೆಯುವ ಬದಲು ಪ್ರತಿ ವರ್ಷ 3 ಲಕ್ಷ ಹಾಕಿ ನೋಡಿ. ಏರಿಕೆ ಮೊದಲಾದರೆ 50.28 ಲಕ್ಷ, ಇಳಿಕೆ ಮೊದಲಾದರೆ 52.80 ಲಕ್ಷ. ಅದೇ 2.52 ಲಕ್ಷ, ಆದರೆ ಈ ಸಲ ಲಾಭದ ಕಡೆಗೆ. ಕಾಕಾ ಕನ್ನಡಕ ತೆಗೆದು ಇಟ್ಟು, ಕ್ಯಾಲ್ಕುಲೇಟರ್ ತಗೊಂಡು ಎರಡು ಸಲ ಮಾಡಿ ನೋಡಿದರು. ಆಮೇಲೆ ಅವರ ಮಾತು: "ಹಂಗಾರ ರಿಟೈರ್ ಆದ ಮೊದಲ ನಾಕೈದು ವರ್ಷನ ಘಾತ."

ಹೌದು, ಅದೇ. ಸರಾಸರಿ ಫಲ ಎಷ್ಟು ಅನ್ನುವುದಕ್ಕಿಂತ ಮೊದಲ ಐದು ವರ್ಷ ಹೇಗೆ ಹೋಗುತ್ತದೆ ಅನ್ನುವುದು ದೊಡ್ಡದು. ಕೆಳಗಿನ ಎಲ್ಲಾ ಹೆಜ್ಜೆಗಳೂ ಆ ಐದು ವರ್ಷವನ್ನು ದಾಟಿಸುವುದಕ್ಕೇ ಇವೆ.

ಹೆಜ್ಜೆ 1: ತಿಂಗಳಿಗೆ ಎಷ್ಟು ಕೊರತೆ?

ಎಸ್‌ಡಬ್ಲ್ಯುಪಿ ಮೊತ್ತವನ್ನು "ಗಂಟು ಎಷ್ಟಿದೆ" ಅನ್ನುವುದರಿಂದ ಶುರು ಮಾಡಬೇಡಿ, ಕೊರತೆಯಿಂದ ಶುರು ಮಾಡಿ. ಕಾಕಾ-ಕಾಕೂ ಇಬ್ಬರೇ, ಫ್ಲಾಟ್ ಸ್ವಂತದ್ದು, ಸೊಸೈಟಿ ಮೇಂಟೆನೆನ್ಸ್, ಕಿರಾಣಿ, ಔಷಧ, ವರ್ಷಕ್ಕೆರಡು ಸಲ ಗದಗಕ್ಕೆ ಹೋಗಿ ಬರುವುದು, ಇನ್ಶೂರೆನ್ಸ್ ಪ್ರೀಮಿಯಂ ಎಲ್ಲಾ ಹನ್ನೆರಡು ತಿಂಗಳಿಗೆ ಹಂಚಿದರೆ 40,000.

ಕೈಯಲ್ಲಿದ್ದದ್ದು ಪಿಎಫ್, ಗ್ರಾಚುಟಿ, ಹಳೇ ಎಸ್‌ಐಪಿ ಎಲ್ಲಾ ಸೇರಿ 90 ಲಕ್ಷ. ಅದರಲ್ಲಿ 30 ಲಕ್ಷ ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಿಗೆ. ಒಬ್ಬರಿಗೆ ಅಷ್ಟೇ ಮಿತಿ. ಅವರು ಹಾಕಿದಾಗ ಬಡ್ಡಿ ಶೇ. 8.2. ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ಅಂದರೆ ತಿಂಗಳಿಗೆ 20,500. ಇಪಿಎಸ್ ಪೆನ್ಶನ್ 3,500. ಒಟ್ಟು 24,000. ಕೊರತೆ 16,000. ಐದು ಲಕ್ಷ ಆಸ್ಪತ್ರೆ ಗೀಸ್ಪತ್ರೆ ಅಂತ ಬ್ಯಾಂಕಿನಲ್ಲಿ ಎಫ್‌ಡಿ. ಉಳಿದ 55 ಲಕ್ಷದಿಂದ ಈ 16,000 ಬರಬೇಕು.

ವರ್ಷಕ್ಕೆ 1.92 ಲಕ್ಷ. 55 ಲಕ್ಷಕ್ಕೆ ಅದು ಶೇ. 3.5. ಆರಾಮ ಅನ್ನಿಸುತ್ತದೆ ಅಲ್ವಾ? ನಿಲ್ಲಿ, ಇಲ್ಲೇ ಬಹಳ ಜನ ಎಡವುತ್ತಾರೆ.

ಪೋಸ್ಟ್ ಆಫೀಸಿನ ಬಡ್ಡಿ ಐದು ವರ್ಷ ಒಂದು ರೂಪಾಯಿ ಏರುವುದಿಲ್ಲ. ಇಪಿಎಸ್ ಕೂಡ ತಾನಾಗಿ ಏರುವುದಿಲ್ಲ. ಖರ್ಚು ಏರುತ್ತದೆ. ವರ್ಷಕ್ಕೆ ಶೇ. 6 ಅಂತ ಹಿಡಿದರೆ ಎರಡನೇ ವರ್ಷ 42,400 ಬೇಕು. ಏರಿದ 2,400 ಪೂರ್ತಿ ಎಸ್‌ಡಬ್ಲ್ಯುಪಿ ತಲೆಯ ಮೇಲೆ. 16,000 ಇದ್ದದ್ದು 18,400 ಆಗುತ್ತದೆ. ಖರ್ಚು ಏರಿದ್ದು ಶೇ. 6, ಎಸ್‌ಡಬ್ಲ್ಯುಪಿ ಏರಿದ್ದು ಶೇ. 15. ಐದನೇ ವರ್ಷಕ್ಕೆ ಸುಮಾರು 26,500 ಆಗಿರುತ್ತದೆ. ಅದಕ್ಕೇ ಶೇ. 3.5 ನೋಡಿ ಖುಷಿಪಡಬಾರದು. ಪೋಸ್ಟ್ ಆಫೀಸಿನ 30 ಲಕ್ಷವನ್ನೂ ಸೇರಿಸಿ ಲೆಕ್ಕ ಮಾಡಬೇಕು. ಪೆನ್ಶನ್ ಬಿಟ್ಟು ವರ್ಷಕ್ಕೆ 4.38 ಲಕ್ಷ ಬೇಕು, ಇರುವುದು 85 ಲಕ್ಷ. ನಿಜವಾದ ದರ ಶೇ. 5.15. ಒಟ್ಟಾರೆ ಶೇ. 8 ಗಳಿಸಿ, ಖರ್ಚು ಶೇ. 6ರಂತೆ ಏರಿದರೆ ಈ ಗಂಟು 24 ವರ್ಷದ ಆಸುಪಾಸು ಬರುತ್ತದೆ. ಕಾಕಾಗೆ ಈಗ 61. ಬಿಗಿ ಇಲ್ಲ, ಸಡಿಲವೂ ಇಲ್ಲ.

ಇದೇ ಹೊತ್ತಿಗೆ ಒಬ್ಬ ಏಜೆಂಟ್ ಕಾಕಾಗೆ "ತಿಂಗಳಿಗೆ ಶೇ. 1 ತಗೊಳ್ಳಿ, ಅಸಲು ಹಾಗೇ ಇರುತ್ತೆ" ಅಂತ ಹೇಳಿ ಹೋಗಿದ್ದ. ಅಂದರೆ 55 ಲಕ್ಷಕ್ಕೆ ತಿಂಗಳಿಗೆ 55,000. ಫಂಡ್ ಪ್ರತಿ ವರ್ಷ ತಪ್ಪದೇ ಶೇ. 9 ಕೊಟ್ಟರೂ, ಮೊತ್ತ ಒಂದು ಸಲವೂ ಏರಿಸದಿದ್ದರೂ, ಹದಿನೈದು ವರ್ಷದ ಆಸುಪಾಸಿನಲ್ಲಿ ಸೊನ್ನೆ. ಖರ್ಚಿನ ಜೊತೆ ಶೇ. 6 ಏರಿಸುತ್ತಾ ಹೋದರೆ ಹತ್ತು ವರ್ಷದ ಆಸುಪಾಸಿನಲ್ಲೇ ಸೊನ್ನೆ. ಎಪ್ಪತ್ತೊಂದಕ್ಕೆ ಗಂಟು ಖಾಲಿ ಮಾಡಿಕೊಂಡು ಏನು ಮಾಡುವುದು?

ಹೆಜ್ಜೆ 2: ಗಂಟನ್ನು ಎರಡು ಮಾಡಿ

ಇದೇ ಮುಖ್ಯ ಹೆಜ್ಜೆ. ಎಸ್‌ಡಬ್ಲ್ಯುಪಿ ಓಡುವ ಫಂಡ್ ಬೇರೆ, ಬೆಳೆಯುವ ಫಂಡ್ ಬೇರೆ.

ಮೊದಲ ಐದು ವರ್ಷದ ಎಸ್‌ಡಬ್ಲ್ಯುಪಿ ಕೂಡಿಸಿದೆವು: 16,000, 18,400, ಸುಮಾರು 20,900, 23,600, 26,500. ಹನ್ನೆರಡು ತಿಂಗಳಿಗೆ ಗುಣಿಸಿದರೆ ಒಟ್ಟು ಸುಮಾರು 12.65 ಲಕ್ಷ. ಸ್ವಲ್ಪ ಕೈ ಸಡಿಲ ಇರಲಿ ಅಂತ 15 ಲಕ್ಷ ಸಾಲಪತ್ರಗಳಲ್ಲಿ ಹಣ ಹಾಕುವ ಡೆಟ್ ಫಂಡ್‌ಗೆ. ಉಳಿದ 40 ಲಕ್ಷ ಷೇರು, ಸಾಲಪತ್ರ ಎರಡರಲ್ಲೂ ಹಣ ಹಾಕುವ, ಬ್ಯಾಲೆನ್ಸ್ಡ್ ಅಡ್ವಾಂಟೇಜ್ ತರಹದ ಹೈಬ್ರಿಡ್ ಫಂಡ್‌ಗೆ. ಮಾರುಕಟ್ಟೆ ಬಿದ್ದರೆ ಐದು ವರ್ಷ ಆ 40 ಲಕ್ಷವನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.

ನಮ್ಮ ಕಡೆ ಹಗೇವಿನಲ್ಲಿ ಜೋಳ ಇಡುತ್ತಿದ್ದ ಕಾಲದಲ್ಲಿ ಉಣ್ಣುವ ಜೋಳ ಬೇರೆ, ಬಿತ್ತುವ ಜೋಳ ಬೇರೆ. ಕಾಕಾಗೆ ಇದನ್ನು ವಿವರಿಸಬೇಕಾಗಲೇ ಇಲ್ಲ.

ಡೆಟ್ ಫಂಡ್ ಯಾವುದು? ಮನಿ ಮಾರ್ಕೆಟ್ ಅಥವಾ ಶಾರ್ಟ್ ಡ್ಯುರೇಶನ್, ಮತ್ತು ಅದರೊಳಗಿನ ಕಾಗದ ಸರ್ಕಾರಿ ಅಥವಾ ಎಎಎ ದರ್ಜೆಯದ್ದಾಗಿರಲಿ. ಅರ್ಧ-ಒಂದು ಪರ್ಸೆಂಟ್ ಆಸೆಗೆ ಕ್ರೆಡಿಟ್ ರಿಸ್ಕ್ ಫಂಡ್ ಬೇಡ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಆರು ಡೆಟ್ ಫಂಡ್‌ಗಳನ್ನು ಮುಚ್ಚುವ ನಿರ್ಧಾರ ಮಾಡಿದಾಗ ಅವುಗಳಿಂದ ಓಡುತ್ತಿದ್ದ ಎಸ್‌ಡಬ್ಲ್ಯುಪಿಗಳೂ ನಿಂತವು. ಹಣ ಕಂತಿನಲ್ಲಿ ವಾಪಸ್ ಬರತೊಡಗಿತು, ಆದರೆ ಮುಂದಿನ ತಿಂಗಳ ಕಿರಾಣಿ ಅಂಗಡಿಯವನು ಕಂತಿಗೆ ಕಾಯುವುದಿಲ್ಲ.

40 ಲಕ್ಷ ಒಂದೇ ದಿನ ಹೈಬ್ರಿಡ್‌ಗೆ ಹಾಕಲಿಲ್ಲ. ಅದೇ ಫಂಡ್ ಹೌಸಿನ ಲಿಕ್ವಿಡ್ ಫಂಡ್‌ನಲ್ಲಿಟ್ಟು ತಿಂಗಳಿಗೆ 2 ಲಕ್ಷದಂತೆ ಇಪ್ಪತ್ತು ತಿಂಗಳು ಎಸ್‌ಟಿಪಿ ಮಾಡಿದೆವು. ಎಸ್‌ಟಿಪಿ ಅಂದರೆ ಒಂದು ಫಂಡ್‌ನಿಂದ ಇನ್ನೊಂದಕ್ಕೆ ಕಂತಿನಲ್ಲಿ ಸಾಗಿಸುವುದು. ಇಪ್ಪತ್ತು ತಿಂಗಳು ಜಾಸ್ತಿ ಆಯಿತು ಅಂತ ಕೆಲವರು ಹೇಳಬಹುದು, ಒಪ್ಪುತ್ತೇನೆ, ಆದರೆ ಕಾಕಾಗೆ ರಾತ್ರಿ ನಿದ್ದೆ ಬರಬೇಕಲ್ಲ.

ಹೆಜ್ಜೆ 3: ಫಾರ್ಮ್ ತುಂಬುವ ಮೊದಲು ಬ್ಯಾಂಕ್ ಖಾತೆ ನೋಡಿ

ಎಸ್‌ಐಪಿಯಲ್ಲಿ ಏನಾದರೂ ತಪ್ಪಿದರೆ ಕಂತು ಬೌನ್ಸ್ ಆಗುತ್ತದೆ, ಬ್ಯಾಂಕು ದಂಡ ಹಾಕುತ್ತದೆ, ಅಷ್ಟೇ. ಎಸ್‌ಡಬ್ಲ್ಯುಪಿಯಲ್ಲಿ ತಪ್ಪಿದರೆ ಯುನಿಟ್ ಮಾರಾಟ ಆಗಿಬಿಟ್ಟಿರುತ್ತದೆ, ಹಣ ಮಾತ್ರ ಬಂದಿರುವುದಿಲ್ಲ.

ನಮಗೆ ಆಗಿದ್ದು ಅದೇ. ಕಾಕಾ ಕೆಲಸ ಬಿಟ್ಟ ಮೇಲೆ ಸಂಬಳದ ಖಾತೆ ಮುಚ್ಚಿಸಿದ್ದರು. ಫಂಡ್ ಹೌಸಿನಲ್ಲಿರುವ ಅವರ ಖಾತೆ, ಅಂದರೆ ಫೋಲಿಯೋದಲ್ಲಿ ಇನ್ನೂ ಅದೇ ಬ್ಯಾಂಕ್ ಖಾತೆ ಇತ್ತು. ಮೊದಲ ಎಸ್‌ಡಬ್ಲ್ಯುಪಿ 3ನೇ ತಾರೀಕಿಗೆ ಆಯಿತು, ಯುನಿಟ್ ಕಡಿಮೆ ಆಗಿರುವ ಎಸ್‌ಎಂಎಸ್ ಬಂತು, ಹಣ ಇಲ್ಲ. ಮೂರು ದಿನ ಬ್ಯಾಂಕಿನವರನ್ನು ಬೈದರು ಪಾಪ. ತಪ್ಪು ನಮ್ಮದೇ. ಕ್ಯಾನ್ಸಲ್ ಚೆಕ್ ಕೊಟ್ಟು ಖಾತೆ ಬದಲಾಯಿಸಿ, ಹಣ ಮತ್ತೆ ಕಳಿಸಿ ಅಂತ ಅರ್ಜಿ ಕೊಟ್ಟು, ಕೈಗೆ ಬರುವ ಹೊತ್ತಿಗೆ ಮುಂದಿನ ತಿಂಗಳ ಕಂತಿನ ದಿನ ಹತ್ತಿರ ಬಂದಿತ್ತು. ಹೊಸ ಖಾತೆ ಸೇರಿಸಿದ ಕೂಡಲೇ ಹಣ ಬಿಡುವುದಿಲ್ಲ, ಸುರಕ್ಷತೆಗಾಗಿ ಸಾಮಾನ್ಯವಾಗಿ ಹತ್ತು ದಿನದವರೆಗೆ ತಡೆಹಿಡಿಯುತ್ತಾರೆ.

ಹಾಗಾಗಿ ಒಂದು ತಿಂಗಳು ಮೊದಲೇ ಖಾತೆ, ಪ್ಯಾನ್-ಆಧಾರ್ ಜೋಡಣೆ, ಕೆವೈಸಿ, ನಾಮಿನಿ ಎಲ್ಲಾ ನೋಡಿಕೊಳ್ಳಿ. ಆಮೇಲೆ ಎಸ್‌ಡಬ್ಲ್ಯುಪಿ ಶುರು ಮಾಡುವ ಮೊದಲು ಕೈಯಿಂದ 1,000 ರೂಪಾಯಿ ರಿಡೀಮ್ ಮಾಡಿ ನೋಡಿ. ಬಂದರೆ ಸರಿ.

ಹೆಜ್ಜೆ 4: ಫಾರ್ಮ್

ಆನ್‌ಲೈನ್ ಆಗಲಿ, ಕಾಗದ ಆಗಲಿ, ಕೇಳುವುದು ಇಷ್ಟೇ: ಫೋಲಿಯೋ ನಂಬರ್, ಸ್ಕೀಮ್, ಮೊತ್ತ, ತಾರೀಕು, ಶುರುವಿನ ತಿಂಗಳು, ಕೊನೆಯ ತಿಂಗಳು. ಸ್ಕೀಮ್ ಗ್ರೋತ್ ಆಯ್ಕೆಯಲ್ಲಿರಬೇಕು, ಅಂದರೆ ಲಾಭವನ್ನು ಡಿವಿಡೆಂಡ್ ಅಂತ ಹಂಚದೆ ಒಳಗೇ ಬೆಳೆಸುವುದು.

ಕೆಲವು ಫಾರ್ಮ್‌ಗಳಲ್ಲಿ ಮೊತ್ತದ ಜಾಗದಲ್ಲಿ ಎರಡು ಆಯ್ಕೆ ಇರುತ್ತವೆ: ಫಿಕ್ಸೆಡ್ ಅಂತ ಒಂದು, ಅಪ್ರಿಸಿಯೇಶನ್ ಅಂತ ಇನ್ನೊಂದು. ಎರಡನೆಯದರಲ್ಲಿ ಗಳಿಕೆ ಎಷ್ಟೋ ಅಷ್ಟೇ ಬರುತ್ತದೆ, ಗಳಿಕೆ ಇಲ್ಲದ ತಿಂಗಳು ಏನೂ ಬರುವುದಿಲ್ಲ. ಅಸಲು ಉಳಿಯುತ್ತದೆ ಅಂತ ಇದು ಚೆನ್ನಾಗಿ ಕೇಳಿಸುತ್ತದೆ, ಆದರೆ ಮನೆಖರ್ಚು ಇದರ ಮೇಲೆ ನಡೆಯುವುದಿಲ್ಲ. ಫಿಕ್ಸೆಡ್ ಟಿಕ್ ಮಾಡಿ.

ಹಣ ಅದೇ ದಿನ ಬರುವುದಿಲ್ಲ. ಡೆಟ್ ಫಂಡ್‌ನಿಂದ ಸಾಮಾನ್ಯವಾಗಿ ಮರುದಿನದ ವ್ಯವಹಾರ ದಿನಕ್ಕೆ, ಈಕ್ವಿಟಿಯಿಂದ ಎರಡು ವ್ಯವಹಾರ ದಿನ. ರಜೆ ಬಂದರೆ ಮುಂದೆ ಹೋಗುತ್ತದೆ. ಸೊಸೈಟಿ ಮೇಂಟೆನೆನ್ಸ್ 10ಕ್ಕೆ ಕಟ್ಟಬೇಕಿದ್ದರೆ ಎಸ್‌ಡಬ್ಲ್ಯುಪಿ 3ಕ್ಕೆ ಇಡಿ.

ಕೊನೆಯ ತಿಂಗಳು ಒಂದೇ ವರ್ಷಕ್ಕೆ ಕೊಡಿ. ಹೇಗೂ ಪ್ರತಿ ವರ್ಷ ಮೊತ್ತ ಬದಲಾಗುತ್ತದೆ, ಹೊಸದಾಗಿ ಹಾಕಬಹುದು. ಇಪ್ಪತ್ತು ವರ್ಷಕ್ಕೆ ಒಮ್ಮೆಲೇ ಕೊಟ್ಟರೆ ಅದು ಕೇಳೋರಿಲ್ಲದೆ ಓಡುತ್ತಲೇ ಇರುತ್ತದೆ, ಯುನಿಟ್ ಮುಗಿಯುವವರೆಗೆ.

ಹೆಜ್ಜೆ 5: ಟ್ಯಾಕ್ಸ್, ಇಲ್ಲಿ ಹೆದರಿಕೆ ಕಡಿಮೆ

ಎಫ್‌ಡಿ ಬಡ್ಡಿ ಪೂರ್ತಿ ಆದಾಯ. ಫಂಡ್‌ನ ಡಿವಿಡೆಂಡ್ ಕೂಡ ಪೂರ್ತಿ ಆದಾಯ, ನಿಮ್ಮ ಸ್ಲ್ಯಾಬ್ ಪ್ರಕಾರ. ಎಸ್‌ಡಬ್ಲ್ಯುಪಿಯಲ್ಲಿ ಬಂದ ಹಣದ ಹೆಚ್ಚಿನ ಭಾಗ ನಿಮ್ಮದೇ ಅಸಲು, ಅದರೊಳಗಿನ ಲಾಭಕ್ಕೆ ಮಾತ್ರ ಟ್ಯಾಕ್ಸ್.

ಕಾಕಾ ಡೆಟ್ ಫಂಡ್ ಕೊಂಡದ್ದು ಎನ್‌ಎವಿ 30ಕ್ಕೆ ಅನ್ನಿ. ವರ್ಷದ ಮೇಲೆ ಅದು 32.10 ಆದಾಗ 18,400 ತೆಗೆದರೆ ಸುಮಾರು 573 ಯುನಿಟ್ ಮಾರಾಟ. ಒಂದಕ್ಕೆ 2.10 ಲಾಭ. ಒಟ್ಟು ಲಾಭ 1,204 ರೂಪಾಯಿ. 18,400ರಲ್ಲಿ ಲೆಕ್ಕಕ್ಕೆ ಬರುವುದು ಅಷ್ಟೇ. ಮೊದಲು ಕೊಂಡ ಯುನಿಟ್ ಮೊದಲು ಮಾರಾಟ ಆಯಿತು ಅಂತ ಲೆಕ್ಕ ಹಿಡಿಯುತ್ತಾರೆ, ಹಾಗಾಗಿ ವರ್ಷ ಕಳೆದ ಹಾಗೆ ಲಾಭದ ಪಾಲು ನಿಧಾನವಾಗಿ ಜಾಸ್ತಿ ಆಗುತ್ತದೆ.

2023ರ ಏಪ್ರಿಲ್ 1ರಿಂದ ಕೊಂಡ ಡೆಟ್ ಫಂಡ್‌ಗೆ ಎಷ್ಟು ವರ್ಷ ಇಟ್ಟರೂ ಸ್ಲ್ಯಾಬ್ ದರವೇ. ಈಕ್ವಿಟಿ ಲೆಕ್ಕಕ್ಕೆ ಬರುವ ಫಂಡ್ ಆದರೆ ಒಂದು ವರ್ಷ ದಾಟಿದ ಮೇಲೆ, ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ಟ್ಯಾಕ್ಸ್ ಇಲ್ಲ, ಅದರ ಮೇಲೆ ಶೇ. 12.5. ಒಂದು ವರ್ಷದೊಳಗೆ ಮಾರಿದರೆ ಶೇ. 20, ಮೇಲೆ ಬೇಗ ಮಾರಿದ್ದಕ್ಕೆ ಫಂಡ್ ಹಿಡಿಯುವ ಎಕ್ಸಿಟ್ ಲೋಡ್ ಬೇರೆ ಇರಬಹುದು. ಇದು 2025-26ರ ನಿಯಮ. ಕಾಕಾ ವಿಷಯದಲ್ಲಿ ಪೋಸ್ಟ್ ಆಫೀಸ್ ಬಡ್ಡಿ, ಪೆನ್ಶನ್, ಎಫ್‌ಡಿ ಬಡ್ಡಿ, ಡೆಟ್ ಫಂಡ್ ಲಾಭ ಎಲ್ಲಾ ಕೂಡಿಸಿದರೂ ಹೊಸ ಟ್ಯಾಕ್ಸ್ ಪದ್ಧತಿಯ ಮಿತಿಯೊಳಗೇ ಇದೆ, ಟ್ಯಾಕ್ಸ್ ಸೊನ್ನೆ.

ಹೆಜ್ಜೆ 6: ವರ್ಷಕ್ಕೊಂದು ದಿನ ಕೂರಿ

ನಾವು ಯುಗಾದಿ ಇಟ್ಟುಕೊಂಡಿದ್ದೇವೆ. ಪಕ್ಕದ ಮನೆಯವರು ಗುಡಿ ಏರಿಸುತ್ತಿರುತ್ತಾರೆ, ಕಾಕೂ ಹೋಳಿಗೆ ಮಾಡುತ್ತಿರುತ್ತಾರೆ, ನಾವಿಬ್ಬರು ಸ್ಟೇಟ್‌ಮೆಂಟ್ ಹಿಡಿದು ಕೂರುತ್ತೇವೆ.

ಮೊದಲು ಹೈಬ್ರಿಡ್ ಫಂಡ್. ಎನ್‌ಎವಿ ಹೋದ ವರ್ಷಕ್ಕಿಂತ ಮೇಲಿದೆಯಾ? ಮೇಲಿದ್ದರೆ ಆ ವರ್ಷ ಖರ್ಚಾದಷ್ಟು ಮೊತ್ತವನ್ನು, ವರ್ಷ ದಾಟಿದ ಯುನಿಟ್ ಮಾರಿ, ಡೆಟ್ ಫಂಡ್‌ಗೆ ತುಂಬಿ. ಎರಡು-ಮೂರು ಲಕ್ಷ ಮಾರಿದರೆ ಅದರೊಳಗಿನ ಲಾಭ ಸಾಮಾನ್ಯವಾಗಿ 1.25 ಲಕ್ಷದೊಳಗೇ ಇರುತ್ತದೆ. ಕೆಳಗಿದ್ದರೆ ಏನೂ ಮಾಡಬೇಡಿ. ಡೆಟ್ ಫಂಡ್ ಕರಗಲಿ, ಅದನ್ನಿಟ್ಟಿರುವುದೇ ಅದಕ್ಕೆ.

ಎರಡನೆಯದು ದರ. ಮುಂದಿನ ವರ್ಷ ತೆಗೆಯುವ ಒಟ್ಟು ಮೊತ್ತ, ಪೋಸ್ಟ್ ಆಫೀಸ್ ಬಡ್ಡಿಯೂ ಸೇರಿ, ಇವತ್ತಿನ ಒಟ್ಟು ಗಂಟಿಗೆ ಶೇಕಡಾ ಎಷ್ಟು? ಕಾಕಾದು 5.15ರಿಂದ ಶುರುವಾಯಿತು. ವಯಸ್ಸಾದಂತೆ ಅದು ನಿಧಾನವಾಗಿ ಏರುವುದು ಸಹಜ, ಎಂಬತ್ತಕ್ಕೆ ಶೇ. 12 ಇದ್ದರೂ ತೊಂದರೆ ಇಲ್ಲ. ಆದರೆ ಎಪ್ಪತ್ತರೊಳಗೆ ಶೇ. 7 ದಾಟಿದರೆ ಆ ವರ್ಷ ಮೊತ್ತ ಏರಿಸುವುದಿಲ್ಲ ಅಂತ ನಾವು ಬರೆದಿಟ್ಟಿದ್ದೇವೆ. ಶೇ. 7 ಅನ್ನುವುದು ಶಾಸ್ತ್ರದ ಗೆರೆಯಲ್ಲ, ನಮ್ಮ ಗೆರೆ.

ಯುನಿಟ್ ಸಂಖ್ಯೆ ಕಡಿಮೆ ಆಗುವುದನ್ನು ನೋಡಿ ಗಾಬರಿ ಬೇಡ. ಎಸ್‌ಐಪಿಯಲ್ಲಿ ಪ್ರತಿ ತಿಂಗಳು ಏರುತ್ತಿದ್ದದ್ದು ಇಲ್ಲಿ ಇಳಿಯಲೇಬೇಕು. ಅನುಮಾನ ಬರಬೇಕಾದದ್ದು ಹೈಬ್ರಿಡ್‌ನ ಯುನಿಟ್‌ಗಳು ಮಾರುಕಟ್ಟೆ ಬಿದ್ದ ವರ್ಷದಲ್ಲೂ ಕಡಿಮೆ ಆಗಿದ್ದರೆ. ಹಾಗಾಗಿದ್ದರೆ ಯಾರೋ ನಡುವೆ ಕೈ ಹಾಕಿದ್ದಾರೆ ಅಂತ ಅರ್ಥ. ಕಾಕಾ ಹೋದ ದೀಪಾವಳಿಗೆ ಸೋಫಾ ಬದಲಾಯಿಸಲು ಹಾಕಿದ್ದರು.

ಇನ್ನೊಂದು, ಕಾಕೂ ವಿಷಯ

ಎಸ್‌ಡಬ್ಲ್ಯುಪಿ ಹಣ ಫೋಲಿಯೋದ ಮೊದಲ ಹೆಸರಿನವರ ಬ್ಯಾಂಕ್ ಖಾತೆಗೇ ಹೋಗುತ್ತದೆ. ಅವರು ತೀರಿಕೊಂಡರೆ, ವಿಷಯ ಫಂಡ್ ಹೌಸಿಗೆ ತಿಳಿದ ಕೂಡಲೇ ಎಸ್‌ಡಬ್ಲ್ಯುಪಿ ನಿಲ್ಲುತ್ತದೆ. ಎರಡನೇ ಹೆಸರು ಇದ್ದರೂ ಯುನಿಟ್ ಅವರ ಹೆಸರಿಗೆ ವರ್ಗವಾಗಬೇಕು, ಡೆತ್ ಸರ್ಟಿಫಿಕೇಟ್, ಕೆವೈಸಿ, ಹೊಸ ಬ್ಯಾಂಕ್ ಖಾತೆ, ಎಲ್ಲಾ ಆಗಿ ಹೊಸದಾಗಿ ಎಸ್‌ಡಬ್ಲ್ಯುಪಿ ಹಾಕಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ.

ಇದನ್ನು ಕಾಕಾ ಮುಂದೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅಡುಗೆಮನೆಯಿಂದ ಕಾಕೂ ಅವರೇ ಕೇಳಿದರು: "ಅವರಿಲ್ಲಂದ್ರ ನಾ ಯಾರನ್ನ ಕೇಳ್ಬೇಕು?" ಆವತ್ತೇ ಎರಡನೇ ಹೆಸರಿಗೆ ಕಾಕೂ ಕೆವೈಸಿ ಮಾಡಿಸಿ, "ಇಬ್ಬರಲ್ಲಿ ಯಾರಾದರೂ" ಅನ್ನುವ ಆಯ್ಕೆ ಹಾಕಿದೆವು. ಅವರ ಸ್ವಂತ ಖಾತೆಯಲ್ಲಿ ಮೂರು ತಿಂಗಳ ಖರ್ಚು, 1.2 ಲಕ್ಷ, ಬೇರೆ ಇಟ್ಟೆವು. ಒಂದು ಹಾಳೆಯ ಮೇಲೆ ಫೋಲಿಯೋ ನಂಬರ್, ಎಸ್‌ಡಬ್ಲ್ಯುಪಿ ತಾರೀಕು, ನನ್ನ ಫೋನ್ ನಂಬರ್ ಬರೆದು ಪೂಜೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದಾರೆ ಕಾಕೂ. ಪ್ರತಿ ತಿಂಗಳು 5ನೇ ತಾರೀಕಿಗೆ ಹಣ ಬಂತೋ ಇಲ್ಲವೋ ಅಂತ ಈಗ ಮೊಬೈಲ್ ನೋಡುವವರೂ ಅವರೇ.